ಹನ್ನೆರಡು ದಾರದ ತೆಂಗಿನ ತೋಟ

ಹಾಲ್ಕುರಿಕೆಯ ನಮ್ಮ ತೋಟದ ಫೋಟೊ ಅತ್ತಿಗೆಯ ಕೈಯಲ್ಲಿ ಕ್ರಾಸ್ ಸ್ಟಿಚ್ ಆಗಿದೆ. ಇಂಚಿಗೆ 14 ಚೌಕದ ಐಡಾ ಬಟ್ಟೆ. ಅಗಲಕ್ಕೆ 98, ಎತ್ತರಕ್ಕೆ 140 ಹೊಲಿಗೆ. ಅಂದರೆ 7 ಇಂಚು ಅಗಲ, 10 ಇಂಚು ಎತ್ತರ, ಒಟ್ಟು 13,720 ಹೊಲಿಗೆ.

ಮೊದಲು 40 ಬಣ್ಣದಲ್ಲಿ ತೆಗೆದ ನಕ್ಷೆಯಲ್ಲಿ ಗರಿಗಳ ನಡುವೆ ಒಂಟಿ ಚೌಕಗಳು ರಾಗಿ ಚೆಲ್ಲಿದಂತೆ ಹರಡಿದ್ದವು. ಒಂದೊಂದು ಚೌಕಕ್ಕೂ ದಾರ ಬದಲಿಸಿದರೆ ಬಟ್ಟೆಯ ಹಿಂಬದಿ ಗಂಟುಗಂಟಾಗುತ್ತದೆ. ಅದಕ್ಕೇ ಅತ್ತಿಗೆ ಫೋಟೊದ ಸಣ್ಣ ಛಾಯೆಗಳನ್ನು ಒಂದಾಗಿಸಿ ಬಣ್ಣಗಳನ್ನು 12ಕ್ಕೆ ಇಳಿಸಿದರು. ಉಳಿದ ಒಂಟಿ ಚೌಕಗಳನ್ನು ಪಕ್ಕದ ಬಣ್ಣಕ್ಕೆ ಸೇರಿಸಿದರು. ಹಸಿರಿಗೆ ನಾಲ್ಕೇ ದಾರ: ಬಿಸಿಲಿನ ಗರಿ, ನೆರಳಿನ ಗರಿ, ಎಳನೀರು, ಹುಲ್ಲು.

ಹತ್ತಿರದಿಂದ ನೋಡಿದರೆ ಬರೀ ಗುಣಾಕಾರದ ಗುರುತುಗಳು. ನಾಲ್ಕು ಹೆಜ್ಜೆ ಹಿಂದೆ ಸರಿದರೆ ನಮ್ಮ ತೋಟ. ಗರಿ ಗರಿಯಾಗಿ ಕಂಡದ್ದು ಬಣ್ಣ ಕಳೆದ ಮೇಲೆಯೇ.