ಖಾಲಿ ಮಾತಿನ ಗುಳ್ಳೆ

ಸೀಸಿ ಬೆಲ್ ಬರೆದು ಚಿತ್ರಿಸಿದ ‘ಎಲ್ ಡೆಫೋ’ (2014) ಅವರದೇ ಬಾಲ್ಯದ ಚಿತ್ರಕಥೆ. ನಾಲ್ಕನೇ ವಯಸ್ಸಿನಲ್ಲಿ ಮೆನಿಂಜೈಟಿಸ್‌ನಿಂದ ಶ್ರವಣ ಕುಂದಿದ ಹುಡುಗಿಯನ್ನು ಅವರು ಮೊಲದ ರೂಪದಲ್ಲಿ ಬಿಡಿಸಿದ್ದಾರೆ.

ನನಗೆ ತುಂಬಾ ಹಿಡಿಸಿದ್ದು ಅದರ ಮಾತಿನ ಗುಳ್ಳೆಗಳು. ಶ್ರವಣಯಂತ್ರದ ಬ್ಯಾಟರಿ ಇಳಿದಂತೆ ಗುಳ್ಳೆಯೊಳಗಿನ ಅಕ್ಷರಗಳು ಮಸುಕಾಗುತ್ತವೆ, ಕೊನೆಗೆ ಗುಳ್ಳೆಯಷ್ಟೇ ಉಳಿಯುತ್ತದೆ. ಸದ್ದು ಕೇಳಿಸಿಯೂ ಮಾತು ಸ್ಪಷ್ಟವಾಗದಾಗ ಗುಳ್ಳೆಯಲ್ಲಿ ಅರ್ಥವಿಲ್ಲದ ಶಬ್ದಗಳು. ಯಾರೂ ವಿವರಿಸಬೇಕಿಲ್ಲ, ಅವಳಿಗೆ ಸಿಕ್ಕಷ್ಟೇ ನಮಗೂ ಸಿಗುತ್ತದೆ. ಪದಗಳಲ್ಲಷ್ಟೇ ಬರೆಯುವವರಿಗೂ ಈ ಹದ ಬೇಕು. ಅವಳಿಗೆ ಕೇಳಿಸದ ವಾಕ್ಯವನ್ನು ಓದುಗರ ಕಿವಿಗೆ ಮಾತ್ರ ಹಾಕಿದರೆ ಅವಳು ಹೊರಗುಳಿದುಬಿಡುತ್ತಾಳೆ.

ಅವಳು ಗೆಳತಿಯ ಮನೆಯಲ್ಲಿ ಮಲಗಲು ಹೋದಾಗ ದೀಪ ಆರಿಸುತ್ತಾರೆ. ತುಟಿ ಕಾಣದೆ ಮಾತುಕತೆ ಅಲ್ಲಿಗೇ ಕಡಿದುಹೋಗುತ್ತದೆ. ತುಟಿ ಓದುವುದಕ್ಕೆ ಬೆಳಕು ಬೇಕು, ಎದುರಿನ ಮುಖ ಬೇಕು ಎಂಬುದು ಎಷ್ಟು ಸಹಜವಾಗಿ ಬಂದಿದೆ!

ಇನ್ನೊಬ್ಬ ಗೆಳತಿ ಎಲ್ಲದಕ್ಕೂ ಅಪ್ಪಣೆ ಕೊಡುವವಳು. ಅವಳಿಂದ ಬರುವ ಕಿರಿಕಿರಿಗೂ ಕಿವಿಗೂ ಸಂಬಂಧವೇ ಇಲ್ಲ. ಈ ಹುಡುಗಿಗೆ ಸಿಟ್ಟು, ಹೊಟ್ಟೆಕಿಚ್ಚು ಬರುತ್ತದೆ, ನೆರೆಹೊರೆಯ ಹುಡುಗನ ಮೇಲೆ ಮನಸ್ಸೂ ಆಗುತ್ತದೆ. ಕೊನೆಯ ಪುಟದವರೆಗೂ ಅವಳ ಕಿವಿ ಹಾಗೆಯೇ ಇರುತ್ತದೆ, ಗೆಳೆತನ ಮಾತ್ರ ಬದಲಾಗುತ್ತದೆ.