ಅಟ್ಟ, ಹಂಚು ಮತ್ತು ಇನ್ನೊಂದು ಬೀಗದ ಕೈ

ನನ್ನ ಮುಂದಿರುವುದು ಒಂದೂವರೆ ಪುಟದ ಪತ್ರ. ಅಮದಳ್ಳಿಯಲ್ಲಿ ಬಾಡಿಗೆಗಿರುವ ಹೈಸ್ಕೂಲಿನ ಅಕ್ಕೋರೊಬ್ಬರು ತಮ್ಮ ಮನೆ ಮಾಲೀಕರಿಗೆ ಬರೆದದ್ದು. ಕಳಿಸುವ ಮೊದಲು ನನಗೆ ಓದಲು ಕೊಟ್ಟಿದ್ದರು. ಮೊದಲ ಕರಡೂ ಜೊತೆಗಿತ್ತು. ಕತೆ, ಕವನ ವಿಮರ್ಶೆ ಮಾಡಿ ರೂಢಿಯಾದವನಿಗೆ ಇಂಥ ಬರಹವನ್ನು ತೂಗುವುದು ಹೊಸದು. ಆದರೂ ತಕರಾರಿನ ಪತ್ರ ಬರೆಯುವುದು ಕಷ್ಟದ ಕಲೆಯೇ. ಇಲ್ಲಂತೂ ತಕರಾರು ಹುಟ್ಟಿದ್ದು ಒಂದು ಉಪಕಾರದಿಂದ.

ನಡೆದದ್ದು ಇಷ್ಟು. ಜೂನ್ ಮೊದಲ ವಾರ ಮಳೆ ಹಿಡಿಯಿತು. ಮಲಗುವ ಕೋಣೆಯ ಮೂಲೆಯಲ್ಲಿ ಹಂಚು ಸರಿದು ನೀರು ತೊಟ್ಟಿಕ್ಕುತ್ತಿದೆ ಎಂದು ಅಕ್ಕೋರು ಮಾಲೀಕರಿಗೆ ಹೇಳಿದ್ದರು. ಎರಡು ದಿನ ಬಿಟ್ಟು ಅವರು ಶಾಲೆಯಲ್ಲಿದ್ದಾಗ, ಪಕ್ಕದಲ್ಲೇ ಇರುವ ಮಾಲೀಕರು ತಮ್ಮ ಬಳಿಯಿದ್ದ ಇನ್ನೊಂದು ಬೀಗದ ಕೈಯಿಂದ ಬಾಗಿಲು ತೆರೆದು ಇಬ್ಬರು ಕೆಲಸದವರನ್ನು ಒಳಗೆ ಕರೆದೊಯ್ದರು. ಮಂಚ ಸರಿಸಿ, ಏಣಿ ಇಟ್ಟು, ನಾಲ್ಕು ಹಂಚು ಬದಲಿಸಿ ಬೀಗ ಹಾಕಿಕೊಂಡು ಹೋದರು. ಸಂಜೆ ಅಕ್ಕೋರು ಬಂದು ನೋಡಿದರೆ ಸೋರಿಕೆ ನಿಂತಿದೆ. ನೆಲದ ಮೇಲೆ ಕೆಸರಿನ ಹೆಜ್ಜೆಗಳಿವೆ. ಮಳೆಗಾಲವೆಂದು ಕೋಣೆಯೊಳಗೆ ಹಗ್ಗ ಕಟ್ಟಿ ಒಣಹಾಕಿದ್ದ ಬಟ್ಟೆಗಳನ್ನು ಯಾರೋ ಗುಡ್ಡೆ ಮಾಡಿ ಕುರ್ಚಿಯ ಮೇಲಿಟ್ಟಿದ್ದಾರೆ.

ಕೋಪ ಬಂದದ್ದು ಆ ಬಟ್ಟೆಗಳನ್ನು ನೋಡಿ. ಮೊದಲ ಕರಡಿನಲ್ಲಿ ಮಾತ್ರ ಬಟ್ಟೆಯ ಸುದ್ದಿಯೇ ಇಲ್ಲ. ಅಲ್ಲಿರುವುದು ‘ನನ್ನ ಗೌರವಕ್ಕೆ ಧಕ್ಕೆ’, ‘ಅತಿಕ್ರಮ ಪ್ರವೇಶ’, ‘ಕಾನೂನಿನ ಪ್ರಕಾರ 24 ಗಂಟೆ’ ಎಂಬ ದೊಡ್ಡ ಮಾತುಗಳು. ನಾಚಿಕೆಯಿಂದ ನಿಜವಾದ ಕಾರಣವನ್ನು ಬಚ್ಚಿಟ್ಟು, ಅದರ ಜಾಗದಲ್ಲಿ ಕಾನೂನನ್ನು ನಿಲ್ಲಿಸಿದಂತಿತ್ತು. ಆ ಕಾನೂನಾದರೂ ಗಟ್ಟಿಯಾಗಿತ್ತೇ ಎಂದರೆ ಅದೂ ಇಲ್ಲ. ಅತಿಕ್ರಮ ಪ್ರವೇಶ ಅಪರಾಧವಾಗಬೇಕಾದರೆ ಅಪರಾಧ ಮಾಡುವ, ಹೆದರಿಸುವ, ಅವಮಾನಿಸುವ ಅಥವಾ ಕಿರಿಕಿರಿ ಕೊಡುವ ಉದ್ದೇಶ ಇರಬೇಕು. ಹಂಚು ಹೊತ್ತು ತಂದವರ ಮೇಲೆ ಆ ಮಾತು ನಿಲ್ಲುವುದಿಲ್ಲ. 24 ಗಂಟೆಯ ಮಾತಿರುವುದು 2021ರಲ್ಲಿ ಕೇಂದ್ರ ಸರ್ಕಾರ ರಾಜ್ಯಗಳ ಮುಂದಿಟ್ಟ ಮಾದರಿ ಬಾಡಿಗೆ ಕಾಯ್ದೆಯಲ್ಲಿ. ಅದು ಮಾದರಿ ಮಾತ್ರ. ರಾಜ್ಯವೊಂದು ತನ್ನದಾಗಿ ಮಾಡಿಕೊಳ್ಳುವವರೆಗೆ ಅದನ್ನು ತೋರಿಸಿ ಯಾರನ್ನೂ ಕಟ್ಟಿಹಾಕಲಾಗದು.

ಹಾಗಾದರೆ ಅಮದಳ್ಳಿಯ ಈ ಮನೆಗೆ ಹೊಂದುವ ನಿಯಮ ಯಾವುದು? ಬಹಳ ಹಳೆಯದು, 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಮು. ಬಾಡಿಗೆ ಕೊಟ್ಟು ಕರಾರಿನಂತೆ ನಡೆದುಕೊಳ್ಳುವವರು ಅವಧಿ ಮುಗಿಯುವವರೆಗೆ ಅಡ್ಡಿಯಿಲ್ಲದೆ ಮನೆಯನ್ನು ಅನುಭವಿಸಬಹುದು ಎಂದು ಅದು ಒಂದು ಕಡೆ ಹೇಳುತ್ತದೆ. ಮಾಲೀಕರಾಗಲಿ ಅವರ ಕಡೆಯವರಾಗಲಿ ‘ಸಮಂಜಸವಾದ ಸಮಯದಲ್ಲಿ’ ಒಳಗೆ ಬಂದು ಮನೆಯ ಸ್ಥಿತಿ ನೋಡಲು ಬಾಡಿಗೆಯವರು ಬಿಡಬೇಕು ಎಂದು ಇನ್ನೊಂದು ಕಡೆ. ಸಮಂಜಸ ಎಂದರೆ ಯಾವಾಗ, ಎಷ್ಟು ಮುಂಚೆ ತಿಳಿಸಬೇಕು ಎಂಬುದನ್ನು ಅದು ಬಿಡಿಸಿ ಹೇಳುವುದಿಲ್ಲ. ಇದೆಲ್ಲ ಬೇರೆ ಒಪ್ಪಂದವಾಗಲಿ ಸ್ಥಳೀಯ ರೂಢಿಯಾಗಲಿ ಇಲ್ಲದಿದ್ದಾಗ ಮಾತ್ರ ಎಂದು ಕಲಮಿನ ಆರಂಭದಲ್ಲೇ ಇದೆ. ನಮ್ಮ ಕಡೆಯ ರೂಢಿ ಎಂಥದ್ದೆಂದು ಎಲ್ಲರಿಗೂ ಗೊತ್ತು: ‘ನಮ್ಮದೇ ಮನೆ ಅಲ್ವೋ, ಕೇಳೋದೇನು?’ ಈ ಅಕ್ಕೋರ ಕೈಯಲ್ಲಿರುವ 11 ತಿಂಗಳ ಕರಾರು ಪತ್ರದಲ್ಲಿ ಬಾಡಿಗೆ, ಅಡ್ವಾನ್ಸು, ಕರೆಂಟು ಬಿಲ್ಲು, ಗೋಡೆಗೆ ಮೊಳೆ ಹೊಡೆಯಬಾರದೆಂಬುದು ಎಲ್ಲ ಇದೆ. ಮಾಲೀಕರು ಒಳಗೆ ಬರುವ ಬಗ್ಗೆ ಒಂದು ಸಾಲೂ ಇಲ್ಲ. ಆದ್ದರಿಂದ ಈ ಪತ್ರ ಮಾಡಬೇಕಾದ ಕೆಲಸ ದೂರುವುದಕ್ಕಿಂತ ದೊಡ್ಡದು. ಆ ಖಾಲಿ ಜಾಗ ತುಂಬಬೇಕು.

ಎರಡನೇ ಕರಡು ಆ ಕೆಲಸವನ್ನು ಬಹುಮಟ್ಟಿಗೆ ಮಾಡುತ್ತದೆ. ಆರಂಭವೇ ಹೀಗಿದೆ: ‘ಅಣ್ಣ, ಹಂಚು ಹೊಚ್ಚಿಸಿ ಕೊಟ್ಟಿದ್ದೀರಿ, ಈಗ ಸೋರುತ್ತಿಲ್ಲ. ಆದರೆ ನಾನು ಇಲ್ಲದಾಗ ಒಳಗೆ ಬಂದದ್ದು ನನಗೆ ಸರಿ ಕಾಣಲಿಲ್ಲ. ಕೋಣೆಯಲ್ಲಿ ನನ್ನ ಬಟ್ಟೆಗಳಿದ್ದವು. ಹೊರಗಿನವರು ಅವನ್ನು ಮುಟ್ಟಿ ಎತ್ತಿಟ್ಟಿದ್ದು ನನಗೆ ಬೇಜಾರಾಯಿತು.’ ಹೊಗಳಿಕೆಯಿಂದ ತಕರಾರನ್ನು ಮುಚ್ಚಿಲ್ಲ. ತಕರಾರಿಗಾಗಿ ಉಪಕಾರವನ್ನು ಮರೆತೂ ಇಲ್ಲ. ‘ನೀವು ಹೀಗೆ ಮಾಡುವವರು’ ಎನ್ನದೆ ‘ಹೀಗಾಯಿತು’ ಎಂದದ್ದರಿಂದ ಮಾಲೀಕರಿಗೆ ಸಮರ್ಥನೆಗೆ ಇಳಿಯುವ ಗರಜು ಬೀಳುವುದಿಲ್ಲ. ಬಟ್ಟೆಯ ಒಂದು ಸಾಲು ಮೊದಲ ಕರಡಿನ ಕಾನೂನಿಗಿಂತ ಹೆಚ್ಚು ಹೇಳುತ್ತದೆ.

ಆಮೇಲಿನದು ಏರ್ಪಾಟು. ಬರುವುದಿದ್ದರೆ ಹಿಂದಿನ ದಿನ ಸಂಜೆಯೊಳಗೆ ಫೋನು ಅಥವಾ ವಾಟ್ಸಾಪ್ ಸಂದೇಶ. ಯಾಕೆ, ಯಾರ ಜೊತೆ ಎಂಬುದೂ ಅದರಲ್ಲಿರಲಿ. ವಾರದ ದಿನಗಳಲ್ಲಿ ಸಂಜೆ 5ರಿಂದ 6.30ರವರೆಗೆ, ಭಾನುವಾರ ಬೆಳಿಗ್ಗೆ 9ರ ನಂತರ. ಕೆಲಸದವರು ಹಗಲಲ್ಲೇ ಬರಬೇಕಾದರೆ ಅಕ್ಕೋರು ಅರ್ಧ ದಿನ ರಜೆ ಹಾಕುವರು, ಇಲ್ಲವೇ ಮಾಲೀಕರ ಮನೆಯ ಅತ್ತಿಗೆ ಜೊತೆಗೆ ನಿಂತರೆ ಸಾಕು. ಈ ಕೊನೆಯದು ನನಗೆ ಬಹಳ ಹಿಡಿಸಿತು. ಮಾದರಿ ಕಾಯ್ದೆ ಸೂರ್ಯೋದಯ, ಸೂರ್ಯಾಸ್ತಗಳ ನಡುವೆ ಬರಬೇಕು ಎನ್ನುತ್ತದೆ. ಇಡೀ ಹಗಲು ಶಾಲೆಯಲ್ಲಿರುವ ಒಂಟಿ ಹೆಂಗಸಿಗೆ ಅದರಿಂದ ಏನು ಪ್ರಯೋಜನ? ಆ ಮನೆಯಲ್ಲಿ ಯಾರನ್ನು ನಂಬಬಹುದು ಎಂಬುದು ಬಾಡಿಗೆಗಿರುವವರಿಗೇ ಗೊತ್ತು.

ಬೀಗದ ಕೈಯ ವಿಷಯದಲ್ಲಿ ಪತ್ರ ಇನ್ನೂ ಜಾಣತನ ತೋರುತ್ತದೆ. ಅದನ್ನು ವಾಪಸು ಕೇಳಿಲ್ಲ. ಕವರಿನಲ್ಲಿ ಹಾಕಿ, ಅಂಟಿಸಿ, ಅಂಟಿನ ಮೇಲೆ ಇಬ್ಬರ ಸಹಿ ಮಾಡಿ ಮಾಲೀಕರ ಕಪಾಟಿನಲ್ಲೇ ಇಡೋಣ ಎಂದಿದೆ. ಇದು ಸಂಶಯದ ಮಾತಾಗುತ್ತದಲ್ಲ ಎಂದು ನಾನು ಮೊದಲು ತಕರಾರು ತೆಗೆದೆ. ಅಕ್ಕೋರು ನಕ್ಕು, ‘ನಾಳೆ ನನ್ನದೊಂದು ಬಳೆ ಕಾಣದಿದ್ದರೆ ಅಣ್ಣನ ಮೇಲೂ ಮಾತು ಬರಬಾರದಲ್ಲ’ ಎಂದರು. ಮಾಲೀಕರಿಗೂ ಇದೇ ಕಾರಣ ಹೇಳಿ ಎಂದೆ. ಪತ್ರದಲ್ಲಿ ಅದು ಸೇರಿತು.

ದೋಷಗಳೂ ಇವೆ. ‘ತುರ್ತು ಇದ್ದರೆ ಕೇಳದೆ ಬರಬಹುದು’ ಎಂದು ಬರೆದು, ತುರ್ತು ಎಂದರೇನು ಎಂದು ಬರೆದಿಲ್ಲ. ಮಳೆಗಾಲದಲ್ಲಿ ಕರಾವಳಿಯ ಮನೆಯಲ್ಲಿ ಎಲ್ಲವೂ ತುರ್ತೇ. ಗ್ಯಾಸಿನ ವಾಸನೆ, ಬೆಂಕಿ, ಮಾಡಿನ ಮೇಲೆ ಮರ ಬಿದ್ದದ್ದು, ನೀರು ಒಳಗೆ ನುಗ್ಗಿದ್ದು, ಇಷ್ಟನ್ನು ಹೆಸರಿಟ್ಟು ಹೇಳಬಹುದಿತ್ತು. ಎರಡು ದಿನದಿಂದ ತೊಟ್ಟಿಕ್ಕುವ ಹಂಚು ಅದರಲ್ಲಿ ಸೇರುವುದಿಲ್ಲ ಎಂದು ಆಗಲೇ ಸ್ಪಷ್ಟವಾಗುತ್ತಿತ್ತು. ಒಳಗೆ ಬಂದ ಮೇಲಾದರೂ ಕೂಡಲೇ ಫೋನು ಮಾಡಿ ತಿಳಿಸಬೇಕೆಂಬುದೂ ಬಿಟ್ಟುಹೋಗಿದೆ. ಕೊನೆಯಲ್ಲಿ ‘ನನ್ನಿಂದ ತಪ್ಪಾಗಿದ್ದರೆ ಕ್ಷಮಿಸಿ’ ಎಂಬ ಸಾಲಿದೆ. ಅದನ್ನು ತೆಗೆಯಿರಿ ಎಂದು ನಾನು ಎಷ್ಟು ಹೇಳಿದರೂ ತೆಗೆಯಲಿಲ್ಲ. ತಪ್ಪೇನು, ಯಾರದು ಎಂದು ಅಷ್ಟು ಚೆನ್ನಾಗಿ ಹೇಳಿದವರು ಕೊನೆಗೆ ಅದನ್ನೆಲ್ಲ ತಮ್ಮ ತಲೆಗೆ ಕಟ್ಟಿಕೊಂಡಂತಾಯಿತು.

ಮಾಲೀಕರು ಪತ್ರಕ್ಕೆ ಪತ್ರ ಬರೆಯಲಿಲ್ಲ. ಎರಡು ದಿನ ಮಾತು ಕಡಿಮೆಯಿತ್ತಂತೆ. ಮೂರನೇ ದಿನ ಅತ್ತಿಗೆ ಬಂದು ಕವರು ತೋರಿಸಿ ‘ಸಹಿ ಹಾಕಿ ಅಕ್ಕೋರೇ’ ಎಂದರಂತೆ. ವಾಟ್ಸಾಪಿನಲ್ಲಿ ‘ಆಯ್ತು’ ಎಂಬ ಒಂದೇ ಶಬ್ದ ಬಂತು. ಇಬ್ಬರ ನಡುವಿನ ಒಪ್ಪಿಗೆಗೆ ಗುರುತಾಗಿ ಅದನ್ನು ಅಳಿಸದೆ ಇಟ್ಟುಕೊಳ್ಳಿ ಎಂದಿದ್ದೇನೆ.

ಗಣೇಶ ಚೌತಿಯ ಹೊತ್ತಿಗೆ ಇನ್ನೊಂದು ವಿಷಯ ಎದ್ದಿತು. ಆ ಮನೆಯ ಅಟ್ಟದಲ್ಲಿ ಮಾಲೀಕರ ತಾಮ್ರದ ಹಂಡೆ, ಉಪ್ಪಿನಕಾಯಿಯ ಭರಣಿಗಳು, ಹಳೆಯ ಮಣೆಗಳು ಇವೆ. ಹಬ್ಬಕ್ಕೆ ಅವು ಬೇಕು. ಮಾಲೀಕರು ಹಿಂದಿನ ಸಂಜೆಯೇ ಫೋನು ಮಾಡಿದರು. ಆದರೆ ಮೂರು ದಿನದಲ್ಲಿ ನಾಲ್ಕು ಸಲ. ಎಷ್ಟು ಸಲ ಬರಬಹುದು ಎಂಬುದು ಪತ್ರದಲ್ಲಿರಲಿಲ್ಲ. ಬಾಡಿಗೆಗೆ ಕೊಟ್ಟದ್ದರಲ್ಲಿ ಅಟ್ಟವೂ ಸೇರಿದೆಯೋ ಇಲ್ಲವೋ ಎಂದು ಕರಾರಿನಲ್ಲೂ ಇಲ್ಲ. ಕರಾರು ಹೊಸದು ಮಾಡುವಾಗ ಭರಣಿಗಳು ಕೆಳಗಿಳಿಯುತ್ತವೋ, ಅಟ್ಟಕ್ಕೊಂದು ಬೇರೆ ಸಾಲು ಬರುತ್ತದೋ ನೋಡಬೇಕು.