ಒಪ್ಪಿದರೆ ಜಾಮೀನು ಹಾಕಿದಂತೆ

ಪಿರಿಯಾಪಟ್ಟಣದಲ್ಲಿರುವ ನನ್ನ ತಂಗಿಯ ಮಗಳು ಕೃಷಿ ಬಿ.ಎಸ್ಸಿ. ಮುಗಿಸಿ ಕೆಲಸ ಹುಡುಕುತ್ತಿದ್ದಾಳೆ. ಲಿಂಕ್ಡ್‌ಇನ್ ಖಾತೆ ತೆರೆದ ಎರಡೇ ತಿಂಗಳಲ್ಲಿ ಅವಳಿಗೆ ಆರುನೂರು ಸಂಪರ್ಕಗಳಾದವು. ಬಂದ ಕೋರಿಕೆಗಳನ್ನೆಲ್ಲ ಒಪ್ಪಿದ್ದಳು. ಹೆಸರಿನ ಕೆಳಗೆ 500+ ಎಂದಿದ್ದರೆ ಕಂಪನಿಯವರು ಬೆಲೆ ಕೊಡುತ್ತಾರೆ ಎಂದು ಯಾರೋ ಹೇಳಿದ್ದರಂತೆ. ಹುಣಸೂರು, ಕೆ.ಆರ್. ನಗರ, ಎಚ್.ಡಿ. ಕೋಟೆಯ ಹುಡುಗ ಹುಡುಗಿಯರಲ್ಲೂ ಇದೇ ರೂಢಿಯನ್ನು ಕಂಡಿದ್ದೇನೆ. ಇದು ತಪ್ಪು ರೂಢಿ ಎಂಬುದು ನನ್ನ ಖಚಿತ ಅಭಿಪ್ರಾಯ. ಐನೂರು ದಾಟಿದ ಮೇಲೆ ಅಲ್ಲಿ ಲೆಕ್ಕ ಕಾಣುವುದಿಲ್ಲ. 501 ಇದ್ದವರಿಗೂ 20,000 ಇದ್ದವರಿಗೂ ಅದೇ 500+.

ಹೆಚ್ಚಿನ ಕೇಡು ಬೇರೆ ಕಡೆ ಇದೆ. ಬೀಜದ ಕಂಪನಿಯೊಂದರ ನೇಮಕಾತಿ ಅಧಿಕಾರಿ ಎಂದು ಬರೆದುಕೊಂಡವನೊಬ್ಬನ ಕೋರಿಕೆ ಬಂದಾಗ ಅವಳು ಒಡನೆ ಒಪ್ಪಿದ್ದಳು. ಮೂರನೇ ದಿನ ಅವನು ಸಂದರ್ಶನಕ್ಕೆ ನೋಂದಣಿ ಶುಲ್ಕ ಕೇಳಿದ. ಆಗ ನನಗೆ ಫೋನ್ ಮಾಡಿದಳು. "ಮಾವ, ನಮ್ಮ ಕಡೆಯವರೇ ಹನ್ನೊಂದು ಜನ ಅವನ ಲಿಸ್ಟ್‌ನಲ್ಲಿದಾರೆ, ಸುಳ್ಳಾಗಿರಲ್ಲ ಅಲ್ವಾ?" ಅವನ ಪುಟದಲ್ಲಿ `About this profile` ಒತ್ತಿ ನೋಡು ಎಂದೆ. ಖಾತೆ ಅದೇ ತಿಂಗಳು ಹುಟ್ಟಿತ್ತು. ಆ ಹನ್ನೊಂದರಲ್ಲಿ ಮೂವರಿಗೆ ಫೋನ್ ಮಾಡಿಸಿದೆ. ಒಬ್ಬರೂ ಅವನನ್ನು ಬಲ್ಲವರಲ್ಲ. ಮೊದಲು ಒಬ್ಬ ಒಪ್ಪಿದ್ದ. ಅವನ ಹೆಸರು ಕಂಡು ಇನ್ನೊಬ್ಬಳು, ಇಬ್ಬರ ಹೆಸರು ಕಂಡು ಮತ್ತೊಬ್ಬ.

ಬ್ಯಾರನ್ ಕಟ್ಟಲು ಸಾಲ ತೆಗೆದ ಹೊಗೆಸೊಪ್ಪಿನ ರೈತರ ಮನೆಗಳಲ್ಲಿ ಬೆಳೆದವರು ನಾವು. ಗುರುತಿಲ್ಲದವನಿಗೆ ಜಾಮೀನು ಹಾಕಿದರೆ ಏನಾಗುತ್ತದೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಕೋರಿಕೆ ಒಪ್ಪುವುದೂ ಅಂಥದೇ. ಒಪ್ಪಿದವರ ಹೆಸರು ಮುಂದಿನವರ ಪರದೆಯ ಮೇಲೆ ಸಾಕ್ಷಿಯಾಗಿ ನಿಲ್ಲುತ್ತದೆ. ಸೆಟ್ಟಿಂಗ್‌ನಲ್ಲಿ ಮುಚ್ಚಿಡದಿದ್ದರೆ ಅವರ ಸಂಪರ್ಕಗಳ ಪಟ್ಟಿಯೂ ಹೊಸಬನಿಗೆ ತೆರೆದುಕೊಳ್ಳುತ್ತದೆ.

ಹಾಗೆಂದು ನೆಂಟರು, ಸಹಪಾಠಿಗಳು ಇಷ್ಟಕ್ಕೇ ಬಾಗಿಲು ಹಾಕಿಕೊಂಡರೂ ಕೆಲಸ ಕೆಡುತ್ತದೆ. ನಮಗೆ ಗೊತ್ತಿರುವ ಸುದ್ದಿಯೇ ಅವರಿಗೂ ಗೊತ್ತಿರುತ್ತದೆ. ದೂರದ ಪರಿಚಯದವರಿಂದ ಹೊಸ ಸುದ್ದಿ ಬರುತ್ತದೆ ಎಂದು ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ಬರೆದರು. ಲಿಂಕ್ಡ್‌ಇನ್‌ನ ಸುಮಾರು 2 ಕೋಟಿ ಬಳಕೆದಾರರ ಮೇಲೆ ಐದು ವರ್ಷ ನಡೆದ ಪ್ರಯೋಗಗಳ ವರದಿ 2022ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ಕೆಲಸ ಬದಲಿಸಲು ಹೆಚ್ಚು ನೆರವಾದವರು ತೀರಾ ಹತ್ತಿರದವರೂ ಅಲ್ಲ, ತೀರಾ ಅಪರಿಚಿತರೂ ಅಲ್ಲ, ನಡುವಿನವರು. ಆದರೆ ಗಣಕದ ಬಳಕೆ ಕಡಿಮೆಯಿರುವ ಉದ್ಯಮಗಳಲ್ಲಿ ಹತ್ತಿರದವರ ನಂಟೇ ಹೆಚ್ಚು ಫಲ ಕೊಟ್ಟಿತು. ಇದು ನಮ್ಮ ತಾಲ್ಲೂಕುಗಳವರು ಗಮನಿಸಬೇಕಾದ ಮಾತು. ಕಂಪಲಾಪುರ ಅಥವಾ ಚಿಲ್ಕುಂದದ ಹೊಗೆಸೊಪ್ಪಿನ ಹರಾಜು ಮಾರುಕಟ್ಟೆಯ ಸುತ್ತ ಕೆಲಸ ಬೇಕಿದ್ದರೆ ತಂಗಿಯ ಮಗಳಿಗೆ ಅವಳ ಅಪ್ಪನ ಪರಿಚಯವೇ ಸಾಕು. ಬೆಂಗಳೂರಿನ ಪ್ರಯೋಗಾಲಯದ ಕೆಲಸಕ್ಕೆ ಆ ಪರಿಚಯ ಮುಟ್ಟುವುದಿಲ್ಲ.

ಆ ಫೋನಿನ ನಂತರ ಬಂದು ಉತ್ತರ ಕಾಯುತ್ತಿದ್ದ ಕೋರಿಕೆಗಳನ್ನು ಒಂದು ಭಾನುವಾರ ಇಬ್ಬರೂ ಕೂತು ನೋಡಿದೆವು. ಅವಳದೇ ಕಾಲೇಜಿನಲ್ಲಿ ಆರು ವರ್ಷ ಮುಂಚೆ ಓದಿ, ಈಗ ಮಣ್ಣು ಪರೀಕ್ಷೆಯ ಪ್ರಯೋಗಾಲಯದಲ್ಲಿರುವ ಕೆ.ಆರ್. ನಗರದ ಹೆಣ್ಣುಮಗಳೊಬ್ಬಳು ಅಲ್ಲಿದ್ದಳು. ಮುಖ ಪರಿಚಯವಿಲ್ಲ ಎಂದು ಇವಳು ಪಕ್ಕಕ್ಕಿಟ್ಟಿದ್ದಳು. ಒಪ್ಪಬೇಕಾದದ್ದು ಅದನ್ನೇ. ಇಬ್ಬರಿಗೂ ಗೊತ್ತಿರುವ ಮೇಷ್ಟ್ರಿದ್ದಾರೆ, ಕೇಳಿದರೆ ಹತ್ತು ನಿಮಿಷದಲ್ಲಿ ವಿಚಾರ ತಿಳಿಯುತ್ತದೆ. ಕಬಿನಿ ಕಡೆಯ ರೆಸಾರ್ಟೊಂದರ ವ್ಯವಸ್ಥಾಪಕರು ನಿಜವಾದ ಮನುಷ್ಯರೇ, ಆದರೆ ಅವಳ ಕ್ಷೇತ್ರದವರಲ್ಲ. ಅದಕ್ಕೆ `Ignore` ಸಾಕು, ಅವರಿಗೆ ಸೂಚನೆ ಹೋಗುವುದಿಲ್ಲ. ಊರಿನವರ ಮುಖ ಮುರಿದಂತಾಗುತ್ತದೆ ಎಂಬ ಅಳುಕಿನಿಂದಲೇ ನಮ್ಮವರು ಎಷ್ಟೋ ಕೋರಿಕೆಗಳನ್ನು ಒಪ್ಪುತ್ತಾರೆ. ಆ ಅಳುಕಿಗೆ ಇಲ್ಲಿ ಕಾರಣವಿಲ್ಲ.

ಈಗಾಗಲೇ ಒಪ್ಪಿದವರನ್ನು ತೆಗೆಯುವಾಗಲೂ ಅವರಿಗೆ ತಿಳಿಸುವುದಿಲ್ಲ. ಆದರೆ ಪರಸ್ಪರ ಬರೆದುಕೊಂಡ ಶಿಫಾರಸುಗಳಿದ್ದರೆ ಅವೂ ಹೋಗುತ್ತವೆ, ಅದನ್ನು ಮೊದಲು ನೋಡಿಕೊಳ್ಳಬೇಕು. ವರ್ಷವಿಡೀ ಮಾತಾಡದ ಒಂದೇ ಕಾರಣಕ್ಕೆ ಯಾರನ್ನೂ ತೆಗೆಯಬಾರದೆಂದು ನಾನು ವಾದಿಸಿದೆ. ದೂರದ ಪರಿಚಯ ಮೌನವಾಗಿಯೇ ಇರುತ್ತದೆ, ಬೇಕಾದಾಗ ಒಂದು ಮಾತು ಕೇಳಬಹುದು. ಯಾರೆಂದು ಹೇಳಲಾಗದವರು, ದುಡ್ಡು ಕೇಳಿದವರು, ಸೇರಿದ ದಿನವೇ ಮಾರಾಟಕ್ಕೆ ನಿಂತವರು, ಇಷ್ಟು ಜನ ಹೋಗಲಿ ಎಂದೆ. ಎರಡು ಸಂಜೆಗಳಲ್ಲಿ ನೂರಾ ನಲವತ್ತು ಹೆಸರುಗಳು ಹೋದವು.

ಶುಲ್ಕ ಕೇಳಿದವನ ಖಾತೆಯ ಮೇಲೆ ಅವಳು ದೂರು ಕೊಟ್ಟಳು, ಹಣ ಕಳೆದುಕೊಂಡವರಿದ್ದರೆ 1930ಕ್ಕೆ ಕರೆ ಮಾಡಿ ಎಂದು ಆ ಹನ್ನೊಂದು ಜನಕ್ಕೂ ಬರೆದಳು. ಏಳು ಜನ ಅವನನ್ನು ತೆಗೆದರು. ಉಳಿದ ನಾಲ್ವರ ಹೆಸರು ಈ ಬರಹ ಮುಗಿಸುವಾಗಲೂ ಅವನ ಪುಟದಲ್ಲಿ ಕಾಣುತ್ತಿದೆ.